ಒಂದೇ ಕಾರು, ಎರಡು ವೇರಿಯಂಟ್: ಟೈರ್ ಲೆಕ್ಕ ಹಾಕಿ ಆರಿಸುವುದು ಹೇಗೆ?

ಕಾರಿನ ವೇರಿಯಂಟ್ ಹೋಲಿಸಲು ಕೂತಾಗ ಎಲ್ಲರ ಬೆರಳೂ ಬ್ರೋಷರ್‌ನಲ್ಲಿ ಒಂದೇ ಕಡೆ ಓಡುತ್ತದೆ. ಕ್ಯಾಮೆರಾ ಇದೆಯಾ, ಪುಶ್ ಸ್ಟಾರ್ಟ್ ಇದೆಯಾ, ಸ್ಕ್ರೀನ್ ಎಷ್ಟು ದೊಡ್ಡದು, ಹಿಂದಿನ ಸೀಟಿಗೆ ಎಸಿ ಬರುತ್ತಾ. ಟೈರ್ ಸೈಜ್ ಇರುವುದು ಕೊನೇ ಪುಟದಲ್ಲಿ, ಉದ್ದ ಅಗಲ ಎತ್ತರದ ಪಟ್ಟಿಯ ಕೆಳಗೆ, ಸಣ್ಣ ಅಕ್ಷರದಲ್ಲಿ. ಅದನ್ನು ಓದುವವರು ಕಡಿಮೆ. ಓದಿದವರೂ ‘ಮೇಲಿನದಕ್ಕೆ 16 ಇಂಚು ಅಲಾಯ್, ಚೆನ್ನಾಗಿದೆ’ ಅಂದುಕೊಂಡು ಪುಟ ಮುಚ್ಚುತ್ತಾರೆ.

ಆದರೆ ಬೆಂಗಳೂರಿನಲ್ಲಿ ಕಾರು ಓಡಿಸುವವರಿಗೆ ಆ ಒಂದು ಸಾಲಿನಿಂದ ಬರುವ ಖರ್ಚು ಐದಾರು ವರ್ಷ ಬೆನ್ನು ಬಿಡುವುದಿಲ್ಲ. ಎಷ್ಟು ಖರ್ಚು, ಯಾವಾಗ ಬರುತ್ತದೆ, ಯಾವ ಕಾರಿಗೆ ಜಾಸ್ತಿ, ಯಾವುದಕ್ಕೆ ಅಷ್ಟೇನಿಲ್ಲ ಅನ್ನುವುದನ್ನು ಒಂದು ನಿಜವಾದ ಆಯ್ಕೆಯನ್ನೇ ಇಟ್ಟುಕೊಂಡು ನೋಡೋಣ.

ನನ್ನ ಅಕ್ಕನ ಮಗಳು ಮತ್ತು ಅವಳ ಗಂಡ ಬಲೆನೊ ತೆಗೆದುಕೊಳ್ಳಬೇಕು ಅಂತಿದ್ದರು. ಮನೆ ಹೊರಮಾವು, ಅವಳ ಆಫೀಸ್ ವೈಟ್‌ಫೀಲ್ಡ್. ಬಜೆಟ್ ಡೆಲ್ಟಾ ಮತ್ತು ಝೀಟಾ ನಡುವೆ ತೂಗುತ್ತಿತ್ತು. ‘ಮಾವ, ಝೀಟಾನೇ ತಗೊಂಡುಬಿಡೋಣ ಅಂತ ಇವರು. ಒಂದು ಲಕ್ಷ ಜಾಸ್ತಿ ಅಷ್ಟೇ ಅಲ್ವಾ?’ ಅಂತ ಕೇಳಿದಳು. ನಾನು ಕೇಳಿದ್ದು, ‘ಎರಡಕ್ಕೂ ಟೈರ್ ಯಾವುದು ನೋಡಿದ್ಯಾ?’ ಅಂತ. ಅವಳು ನೋಡಿರಲಿಲ್ಲ.

ಆ ನಂಬರ್ ಓದುವುದು

ಬಲೆನೊದ ಕೆಳಗಿನ ಎರಡು ವೇರಿಯಂಟ್‌ಗಳಾದ ಸಿಗ್ಮಾ ಮತ್ತು ಡೆಲ್ಟಾಕ್ಕೆ 185/65 ಆರ್15 ಟೈರ್ ಬರುತ್ತದೆ. ಮೇಲಿನ ಝೀಟಾ ಮತ್ತು ಆಲ್ಫಾಕ್ಕೆ 195/55 ಆರ್16.

ಮೊದಲ ಸಂಖ್ಯೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. ಕೊನೆಯದು ರಿಮ್‌ನ ವ್ಯಾಸ, ಇಂಚಿನಲ್ಲಿ. ನಡುವಿನದೇ ಪ್ರೊಫೈಲ್. ಅದು ಮಿಲಿಮೀಟರ್ ಅಲ್ಲ, ಶೇಕಡಾ ಲೆಕ್ಕ. ಟೈರಿನ ಪಕ್ಕದ ಗೋಡೆ, ಅಂದರೆ ಸೈಡ್‌ವಾಲ್, ಅಗಲದ ಶೇಕಡಾ ಎಷ್ಟು ಎತ್ತರ ಇದೆ ಅನ್ನುವುದನ್ನು ಅದು ಹೇಳುತ್ತದೆ. ಹಾಗಾಗಿ 65 ಮತ್ತು 55 ಅನ್ನು ನೇರವಾಗಿ ಹೋಲಿಸಿದರೆ ಪೂರ್ತಿ ವಿಷಯ ಸಿಗುವುದಿಲ್ಲ. ಗುಣಿಸಬೇಕು.

185ರ ಶೇಕಡಾ 65 ಅಂದರೆ 120 ಮಿಲಿಮೀಟರ್. 195ರ ಶೇಕಡಾ 55 ಅಂದರೆ 107. ಈಗ ಇಡೀ ಚಕ್ರದ ಎತ್ತರ ನೋಡಿ. 15 ಇಂಚು ಅಂದರೆ 381 ಮಿಲಿಮೀಟರ್. ಅದಕ್ಕೆ ಮೇಲೊಂದು ಕೆಳಗೊಂದು ಸೈಡ್‌ವಾಲ್ ಸೇರಿಸಿದರೆ ಸುಮಾರು 621. 16 ಇಂಚು ಅಂದರೆ 406. ಅದಕ್ಕೂ ಎರಡು ಸೈಡ್‌ವಾಲ್ ಸೇರಿಸಿದರೆ ಮತ್ತೆ ಸುಮಾರು 621. ಹೊರಗಿನ ಎತ್ತರದಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸವೂ ಇಲ್ಲ.

ಇದರ ಅರ್ಥ ಇಷ್ಟೇ. ಹೊರಗಿನ ಅಳತೆ ಹಾಗೇ ಇಟ್ಟು, ಒಳಗೆ ಲೋಹ ಹೆಚ್ಚಿಸಿ ರಬ್ಬರ್ ಮತ್ತು ಗಾಳಿಯ ಜಾಗ ಕಡಿಮೆ ಮಾಡಿದ್ದಾರೆ. ‘ದೊಡ್ಡ ವೀಲ್ ಇದ್ದರೆ ಕಾರು ಎತ್ತರ ಇರುತ್ತೆ, ಹಂಪ್‌ನಲ್ಲಿ ತಳ ಉಜ್ಜಲ್ಲ’ ಅಂತ ಶೋರೂಮ್‌ನಲ್ಲಿ ಯಾರಾದರೂ ಹೇಳಿದರೆ ಈ ಕಾರಿನ ಮಟ್ಟಿಗೆ ಅದು ಸುಳ್ಳು. ಗ್ರೌಂಡ್ ಕ್ಲಿಯರೆನ್ಸ್ ಎರಡರಲ್ಲೂ ಒಂದೇ.

13 ಮಿಲಿಮೀಟರ್ ಎಷ್ಟು ದೊಡ್ಡದು?

120ಕ್ಕೂ 107ಕ್ಕೂ 13 ಮಿಲಿಮೀಟರ್ ವ್ಯತ್ಯಾಸ. ಹೆಬ್ಬೆರಳಿನ ಅಗಲಕ್ಕಿಂತ ಕಡಿಮೆ. ಇಷ್ಟಕ್ಕೆ ಏನಾಗುತ್ತೆ ಅನ್ನಿಸಬಹುದು. ಆದರೆ ಸೈಡ್‌ವಾಲ್‌ನ ಪೂರ್ತಿ ಎತ್ತರ ಗುಂಡಿಯ ಹೊಡೆತ ತಡೆಯಲು ಸಿಗುವುದಿಲ್ಲ. ರಿಮ್‌ನ ಅಂಚು ಟೈರ್‌ನ ಬುಡದಲ್ಲಿ ಸುಮಾರು 17 ಮಿಲಿಮೀಟರ್ ಮೇಲೆದ್ದಿರುತ್ತದೆ. ಅಷ್ಟು ಭಾಗ ಮಡಚುವುದಿಲ್ಲ. ಇನ್ನು ಕಾರಿನ ಭಾರಕ್ಕೆ ಟೈರ್ ನೆಲದ ಹತ್ತಿರ ಅಪ್ಪಚ್ಚಿಯಾಗಿ ಕೂತಿರುತ್ತದೆ. ಸರಿಯಾದ ಗಾಳಿ ಇದ್ದರೂ ಅದಕ್ಕೆ 20 ಮಿಲಿಮೀಟರ್ ಹತ್ತಿರ ಹೋಗುತ್ತದೆ. ಎರಡನ್ನೂ ಕಳೆದರೆ ಡೆಲ್ಟಾದ ಟೈರ್‌ನಲ್ಲಿ ಉಳಿಯುವುದು ಸುಮಾರು 83 ಮಿಲಿಮೀಟರ್, ಝೀಟಾದಲ್ಲಿ ಸುಮಾರು 70. ಗುಂಡಿಯ ಅಂಚಿಗೂ ರಿಮ್‌ಗೂ ನಡುವೆ ಇರುವ ಮೆತ್ತೆ ಅಷ್ಟೇ. ಅದರಲ್ಲಿ ಆರನೇ ಒಂದು ಪಾಲು ಮೇಲಿನ ವೇರಿಯಂಟ್‌ನಲ್ಲಿ ಇಲ್ಲ.

ಮೆತ್ತೆ ಪೂರ್ತಿ ಮುಗಿದಾಗ ಏನಾಗುತ್ತದೆ? ಗುಂಡಿಯ ಚೂಪು ಅಂಚು ಕೆಳಗಿಂದ ಒತ್ತುತ್ತದೆ, ಮೇಲಿಂದ ರಿಮ್ ಒತ್ತುತ್ತದೆ. ನಡುವೆ ಸೈಡ್‌ವಾಲ್ ಎರಡು ಮಡಿಕೆಯಾಗಿ ಜಜ್ಜಿಹೋಗುತ್ತದೆ. ರಬ್ಬರ್ ಮೃದು, ಅದು ತಡೆದುಕೊಳ್ಳುತ್ತದೆ. ಒಳಗಿರುವ ಪಾಲಿಯೆಸ್ಟರ್ ದಾರಗಳು ತುಂಡಾಗುತ್ತವೆ. ಗಾಳಿಯ ಒತ್ತಡವನ್ನು ಹಿಡಿದಿಟ್ಟುಕೊಳ್ಳುವುದು ಆ ದಾರಗಳೇ. ಅವು ಹೋದ ಜಾಗದಲ್ಲಿ ಗಾಳಿ ರಬ್ಬರನ್ನು ಹೊರಗೆ ತಳ್ಳುತ್ತದೆ. ಪಂಚರ್ ಅಂಗಡಿಯವರು ‘ಬಬಲ್ ಬಂದಿದೆ ಸಾರ್’ ಅನ್ನುವುದು ಇದಕ್ಕೇ.

ಬಬಲ್‌ಗೆ ರಿಪೇರಿ ಇಲ್ಲ. ಮೊಳೆ ಚುಚ್ಚಿದ್ದು ನೆಲಕ್ಕೆ ತಾಗುವ ಭಾಗದಲ್ಲಿದ್ದರೆ ಪಂಚರ್ ಹಾಕಿಸಿ ವರ್ಷಗಟ್ಟಲೆ ಓಡಿಸಬಹುದು. ಸೈಡ್‌ವಾಲ್ ಏಟಿಗೆ ಟೈರೇ ಬದಲಾಗಬೇಕು, ಅದರ ಟ್ರೆಡ್ ಹೊಸದರಂತೆ ಇದ್ದರೂ ಸರಿ. ಯಾರಾದರೂ ಒಳಗಿಂದ ಪ್ಯಾಚ್ ಹಾಕಿ ಕೊಡುತ್ತೇವೆ ಅಂದರೆ ಹಾಕಿಸಬೇಡಿ. ವೇಗದಲ್ಲಿ ಅದು ಒಡೆದರೆ ಮುಂದೇನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಗುರುತಿಸುವುದರಲ್ಲೂ ಒಂದು ಗೊಂದಲ ಇದೆ. ಟೈರ್ ಪಕ್ಕಕ್ಕೆ ಅಂಗೈ ಇಟ್ಟು ನಿಧಾನಕ್ಕೆ ಸುತ್ತ ಸವರಿ. ಒಳಕ್ಕೆ ತಗ್ಗಾದಂತೆ ಉದ್ದಕ್ಕೆ ಒಂದು ಗೆರೆ ಸಿಕ್ಕಿದರೆ ಹೆದರಬೇಡಿ. ಒಳಗಿನ ದಾರದ ಪದರದ ಎರಡು ತುದಿ ಒಂದರ ಮೇಲೊಂದು ಕೂಡುವ ಜಾಗ ಅದು, ಹೊಸ ಟೈರ್‌ನಲ್ಲೂ ಇರುತ್ತದೆ. ಹೊರಕ್ಕೆ ಉಬ್ಬಿದ್ದರೆ ಮಾತ್ರ ದಾರ ಹರಿದಿದೆ ಅಂತ. ಟೈರ್‌ನ ಒಳಮೈಯಲ್ಲೂ, ಅಂದರೆ ಕಾರಿನ ಅಡಿಯ ಕಡೆಯೂ ಬಬಲ್ ಬರುತ್ತದೆ. ಅದು ಹೊರಗೆ ನಿಂತು ನೋಡಿದರೆ ಕಾಣುವುದಿಲ್ಲ. ಮುಂದಿನ ಚಕ್ರವಾದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿ ನೋಡಬಹುದು, ಹಿಂದಿನದಕ್ಕೆ ಕಾರು ಮೇಲೆತ್ತಿದಾಗಲೇ. ಗುಂಡಿಗೆ ಬಿದ್ದ ದಿನವೇ ಬಬಲ್ ಕಾಣಬೇಕೆಂದೂ ಇಲ್ಲ. ಕೆಲವು ಸಲ ಎಷ್ಟೋ ದಿನ ಬಿಟ್ಟು ಎದ್ದು ಬರುತ್ತದೆ. ‘ಎಲ್ಲೂ ಹೊಡೆದೇ ಇಲ್ಲ, ತಾನಾಗೇ ಬಂತು’ ಅನ್ನುವವರ ಕಥೆ ಬಹಳಷ್ಟು ಸಲ ಹೀಗೇ ಇರುತ್ತದೆ.

ನಮ್ಮೂರಿನ ರಸ್ತೆಯ ಬಗ್ಗೆ ಇಲ್ಲಿ ಒಂದು ಮಾತು. ಟೈರ್ ತಿನ್ನುವುದು ಬರೀ ಗುಂಡಿಗಳಲ್ಲ. ದೊಡ್ಡ ಗುಂಡಿಯಾದರೆ ಕಣ್ಣಿಗೆ ಬೀಳುತ್ತದೆ, ನಿಧಾನ ಮಾಡುತ್ತೇವೆ. ಮೇಲಿಂದ ಮೇಲೆ ಡಾಂಬರು ಹಾಕಿ ರಸ್ತೆ ಎತ್ತರವಾಗಿ, ಮ್ಯಾನ್‌ಹೋಲ್ ಮುಚ್ಚಳ ಮಾತ್ರ ಹಳೇ ಮಟ್ಟದಲ್ಲೇ ಉಳಿದಿರುತ್ತದಲ್ಲ, ಅದು ಹೆಚ್ಚು ಅಪಾಯ. ಸುತ್ತ ಚೂಪಾದ ಅಂಚು, ಮಳೆ ಬಂದರೆ ನೀರು ತುಂಬಿ ಸಪಾಟಾಗಿ ಕಾಣುತ್ತದೆ. ವೈಟ್ ಟಾಪಿಂಗ್ ಆದ ರಸ್ತೆಯಿಂದ ಅಡ್ಡರಸ್ತೆಗೆ ಇಳಿಯುವಾಗ ಸಿಗುವ ಕಾಂಕ್ರೀಟ್ ಅಂಚೂ ಹಾಗೇ. ಹೊರಮಾವಿನಂಥ ಕಡೆ ಪೈಪ್ ಹಾಕಲು ಅಗೆದು ಅರ್ಧಂಬರ್ಧ ಮುಚ್ಚಿದ ಕಾಲುವೆ ರಸ್ತೆಗೆ ಅಡ್ಡ ಮಲಗಿರುತ್ತದೆ. ಈ ಮೂರಕ್ಕೂ ಸೈಡ್‌ವಾಲ್ ಎತ್ತರವೇ ಉತ್ತರ.

ನಿಜವಾದ ಖರ್ಚು ಎಲ್ಲಿದೆ

ಟೈರ್ ಖರ್ಚು ಹೋಲಿಸುವವರು ಸಾಮಾನ್ಯವಾಗಿ ನಾಲ್ಕು ಟೈರ್ ಸೆಟ್‌ನ ಬೆಲೆ ಹೋಲಿಸುತ್ತಾರೆ. ನನ್ನ ಪ್ರಕಾರ ಅದು ಅರ್ಧ ಲೆಕ್ಕ. ಸೆಟ್ ಬದಲಿಸುವುದು ನಾಲ್ಕೈದು ವರ್ಷಕ್ಕೊಮ್ಮೆ, ಮುಂಚೆಯೇ ಗೊತ್ತಿರುವ ಖರ್ಚು. ಕೈ ಕಚ್ಚುವುದು ನಡುವೆ ಬರುವ ಒಂಟಿ ಟೈರ್. ಹಾಗಾಗಿ ಎರಡನ್ನೂ ಬೇರೆ ಬೇರೆ ಇಟ್ಟು ನೋಡೋಣ.

ಅಕ್ಕನ ಮಗಳ ಓಡಾಟ ವರ್ಷಕ್ಕೆ ಸುಮಾರು 12,000 ಕಿಲೋಮೀಟರ್. ಕಾರನ್ನು 7 ವರ್ಷ ಇಟ್ಟುಕೊಳ್ಳುವ ಯೋಚನೆ. ಅಂದರೆ 84,000 ಕಿಲೋಮೀಟರ್. ಕಾರಿನ ಜೊತೆ ಬಂದ ಟೈರ್ 40,000 ದಾಟಿ ಬದಲಾಯಿತು ಅಂದುಕೊಂಡರೆ, ಇವರು ತಮ್ಮ ಜೇಬಿನಿಂದ ಕೊಳ್ಳುವುದು ಒಂದೇ ಪೂರ್ತಿ ಸೆಟ್. ಎರಡನೆಯದು ಸವೆಯುವ ಹೊತ್ತಿಗೆ ಕಾರು ಮಾರುತ್ತಾರೆ.

ಬೆಲೆಯನ್ನು ಲೆಕ್ಕಕ್ಕೋಸ್ಕರ ಹೀಗಿಟ್ಟುಕೊಳ್ಳೋಣ: 15 ಇಂಚಿನ ಟೈರ್ ಒಂದಕ್ಕೆ 5,500 ರೂಪಾಯಿ, 16 ಇಂಚಿನದಕ್ಕೆ 8,000. ಬ್ರ್ಯಾಂಡ್ ಬದಲಾದರೆ ಬೆಲೆ ಮೇಲೆ ಕೆಳಗೆ ಆಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಟೈರ್ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ, ಹಾಗಾಗಿ ಹಳೇ ಬೆಲೆಪಟ್ಟಿ ಇಟ್ಟುಕೊಂಡು ಲೆಕ್ಕ ಹಾಕಬೇಡಿ. ನಿಮ್ಮ ಅಂಗಡಿಯವರು ಹೇಳಿದ ಬೆಲೆಯನ್ನು ಇದೇ ಲೆಕ್ಕದಲ್ಲಿ ಕೂರಿಸಿಕೊಂಡರೆ ಆಯಿತು.

ಬರೀ ಸವೆತ ನೋಡಿದರೆ ಡೆಲ್ಟಾಗೆ ಸೆಟ್ 22,000, ಝೀಟಾಗೆ 32,000. ವ್ಯತ್ಯಾಸ 10,000. ಏಳು ವರ್ಷಕ್ಕೆ ಹತ್ತು ಸಾವಿರ ಅಂದರೆ ಅದಕ್ಕೋಸ್ಕರ ಯಾರೂ ವೇರಿಯಂಟ್ ಬಿಡಬೇಕಾಗಿಲ್ಲ.

ಈಗ ಏಟುಗಳನ್ನು ಸೇರಿಸಿ. ಡೆಲ್ಟಾದಲ್ಲಿ ಏಳು ವರ್ಷಕ್ಕೆ ಎರಡು ಟೈರ್ ಸೈಡ್‌ವಾಲ್ ಹೋಯಿತು, ಝೀಟಾದಲ್ಲಿ ಮೂರು ಅಂತ ಹಿಡಿಯೋಣ. ಇದು ಅಂದಾಜೇ. ಒಳ್ಳೇ ರಸ್ತೆಯಲ್ಲಿ ಓಡಾಡುವವರಿಗೆ ಒಂದೂ ಹೋಗದೇ ಇರಬಹುದು. ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಟೈರ್ ಅರ್ಧ ಸವೆದಾಗ ಒಂದಕ್ಕೆ ಏಟಾದರೆ, ಒಂದೇ ಹೊಸ ಟೈರ್ ಹಾಕಿಸುವುದು ಸರಿಯಲ್ಲ. ಒಂದೇ ಆಕ್ಸಲ್‌ನಲ್ಲಿ ಒಂದು ಹೊಸದು ಒಂದು ಸವೆದದ್ದು ಇದ್ದರೆ ಮಳೆಯಲ್ಲಿ ಬ್ರೇಕ್ ಹಾಕಿದಾಗ ಎರಡರ ಹಿಡಿತ ಬೇರೆ ಬೇರೆ ಆಗುತ್ತದೆ. ಹಾಗಾಗಿ ಜೋಡಿಯಾಗಿ ಬದಲಿಸಿ, ಹೊಸ ಜೋಡಿಯನ್ನು ಹಿಂದಕ್ಕೆ ಹಾಕಿಸುವುದು ಪದ್ಧತಿ. ಮುಂದಿನ ಚಕ್ರ ಎಳೆಯುವ ಕಾರಾದರೂ ಹೊಸದು ಹಿಂದಕ್ಕೇ, ಯಾಕೆಂದರೆ ಹಿಂಬದಿ ಜಾರಿದರೆ ಸಂಭಾಳಿಸುವುದು ಕಷ್ಟ. ಎರಡೂ ಕಾರಿಗೆ ಹೀಗೆ ಜೋಡಿ ಮಾಡಲು ಒಂದೊಂದು ಟೈರ್ ಹೆಚ್ಚಿಗೆ ಬಿತ್ತು ಅನ್ನೋಣ.

ಇನ್ನು ರಿಮ್. ಡೆಲ್ಟಾದ್ದು ಸ್ಟೀಲ್, ಮೇಲೆ ಪ್ಲಾಸ್ಟಿಕ್ ಕವರ್. ಬೆಂಡಾದರೆ ಬಡಿದು ಸರಿ ಮಾಡುತ್ತಾರೆ, ಕೆಲವು ನೂರು ರೂಪಾಯಿ. ಅಲಾಯ್ ಸ್ವಲ್ಪ ಬೆಂಡಾದರೆ ಸರಿ ಮಾಡುವವರಿದ್ದಾರೆ. ಆದರೆ ಜೋರು ಏಟಿಗೆ ಅದು ಬಾಗುವ ಬದಲು ಸೀಳುತ್ತದೆ. ಸೀಳಿದ ಅಲಾಯ್‌ಗೆ ವೆಲ್ಡಿಂಗ್ ಮಾಡಿಸಿ ಓಡಿಸುವುದು ನನಗೆ ಒಪ್ಪಿಗೆ ಇಲ್ಲ, ಹೊಸದೇ ತರಬೇಕು. ಏಳು ವರ್ಷದಲ್ಲಿ ಅಂಥದ್ದು ಒಂದು, 8,000 ರೂಪಾಯಿ ಅಂತ ಹಿಡಿದೆ.

ಕೂಡಿದರೆ ಡೆಲ್ಟಾಗೆ ಸೆಟ್ 22,000, ಮೂರು ಬಿಡಿ ಟೈರ್ 16,500, ರಿಮ್ ಬಡಿಸಲು 500. ಒಟ್ಟು 39,000. ಝೀಟಾಗೆ ಸೆಟ್ 32,000, ನಾಲ್ಕು ಬಿಡಿ ಟೈರ್ 32,000, ಒಂದು ಅಲಾಯ್ 8,000. ಒಟ್ಟು 72,000. ವ್ಯತ್ಯಾಸ 33,000.

ನೋಡಿ, ಬರೀ ಸವೆತದಲ್ಲಿ ಹತ್ತು ಸಾವಿರ ಇದ್ದದ್ದು ಏಟು ಸೇರಿದ ಕೂಡಲೇ ಮೂರು ಪಟ್ಟು ದಾಟಿತು. ಹಾಗಾಗಿ ನಿಮ್ಮ ವ್ಯತ್ಯಾಸ ಹತ್ತು ಸಾವಿರವಾ, ಮೂವತ್ತಮೂರಾ ಅನ್ನುವುದು ಕಾರಿಗಿಂತ ನಿಮ್ಮ ದಿನದ ರಸ್ತೆಯ ಮೇಲೆ ನಿಂತಿದೆ. ಜಯನಗರದಿಂದ ಎಂ.ಜಿ. ರಸ್ತೆಗೆ ಹೋಗಿಬರುವವರಿಗೂ, ಹೊರವಲಯದ ಬಡಾವಣೆಯಿಂದ ರಾತ್ರಿ ಮಳೆಯಲ್ಲಿ ಮನೆಗೆ ಬರುವವರಿಗೂ ಒಂದೇ ಉತ್ತರ ಇಲ್ಲ.

ಇದೇ ಜಾಗದಲ್ಲಿ ಇನ್ನೊಂದು ಮಾತು ಹೇಳಿಬಿಡುತ್ತೇನೆ. ‘ಒಂದು ಲಕ್ಷ ಜಾಸ್ತಿ’ ಅಂತ ಅವಳು ಹೇಳಿದ್ದು ಎಕ್ಸ್ ಶೋರೂಮ್ ಬೆಲೆ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ಆಜೀವ ರಸ್ತೆ ತೆರಿಗೆ ಶೇಕಡಾ 14, ಅದರ ಮೇಲೆ ಸೆಸ್. ಹಾಗಾಗಿ ಆ ಒಂದು ಲಕ್ಷ ರಸ್ತೆಗಿಳಿಯುವಾಗ 1,15,000 ದಾಟಿರುತ್ತದೆ. 10 ಲಕ್ಷದ ಗೆರೆ ದಾಟಿದರೆ ಶೇಕಡಾ 17 ಆಗುತ್ತದೆ. ಟೈರ್ ಖರ್ಚನ್ನು ಇದರ ಮೇಲೆ ಇಟ್ಟು ನೋಡಿ.

ಇನ್ಶೂರೆನ್ಸ್ ಕೊಡುತ್ತಲ್ವಾ?

ಬಹಳ ಜನ ಇದನ್ನೇ ನಂಬಿಕೊಂಡಿರುತ್ತಾರೆ. ಮಾಮೂಲಿ ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ಬರೀ ಟೈರ್‌ಗೆ ಏಟಾದರೆ ಏನೂ ಸಿಗುವುದಿಲ್ಲ. ಅದೇ ಅಪಘಾತದಲ್ಲಿ ಕಾರಿಗೂ ಡ್ಯಾಮೇಜ್ ಆಗಿದ್ದರೆ ಮಾತ್ರ ಟೈರ್ ಲೆಕ್ಕಕ್ಕೆ ಬರುತ್ತದೆ, ಅದೂ ಬದಲಿಸುವ ಖರ್ಚಿನ ಅರ್ಧ. ಗುಂಡಿಗೆ ಬಿದ್ದು ಬಬಲ್ ಬಂದರೆ ಬಂಪರ್‌ಗೆ ಗೀರೂ ಆಗಿರುವುದಿಲ್ಲ.

ಟೈರ್ ಕಂಪನಿಯ ವಾರಂಟಿ ತಯಾರಿಕೆಯ ದೋಷಕ್ಕೆ. ರಸ್ತೆಯ ಏಟಿಗಲ್ಲ. ಸೈಡ್‌ವಾಲ್ ದಾರ ಹರಿದದ್ದನ್ನು ನೋಡಿದ ಕೂಡಲೇ ಅವರು ‘ಇಂಪ್ಯಾಕ್ಟ್’ ಅಂತ ಬರೆದು ವಾಪಸ್ ಕೊಡುತ್ತಾರೆ. ಕೆಲವು ಕಂಪನಿಗಳು ಕೆಲವು ಟೈರ್‌ಗಳಿಗೆ ಏಟನ್ನೂ ಸೇರಿಸಿದ ವಾರಂಟಿ ಕೊಡುತ್ತವೆ, ಆದರೆ ಕೊಂಡ ಟೈರನ್ನು ಅವರಲ್ಲಿ ರಿಜಿಸ್ಟರ್ ಮಾಡಿಸಿರಬೇಕು, ಬಿಲ್ ಇರಬೇಕು. ಕಾರಿನ ಜೊತೆ ಬಂದ ಟೈರ್‌ಗೆ ಅದು ಸಿಗುತ್ತದೆ ಅಂತ ಅಂದುಕೊಳ್ಳಬೇಡಿ.

ಉಳಿಯುವುದು ಟೈರ್ ಪ್ರೊಟೆಕ್ಟ್ ಅನ್ನುವ ಆ್ಯಡ್ ಆನ್. ಬಬಲ್, ಕಟ್, ಒಡೆತ ಇದರಲ್ಲಿ ಬರುತ್ತದೆ. ಮಾಮೂಲಿ ಪಂಚರ್ ಬರುವುದಿಲ್ಲ. ಟ್ರೆಡ್ ಎಷ್ಟು ಉಳಿದಿದೆ ನೋಡಿ ಅದಕ್ಕೆ ತಕ್ಕಂತೆ ದುಡ್ಡು ಕೊಡುತ್ತಾರೆ, ಹಾಗಾಗಿ ಮೊದಲ ಎರಡು ವರ್ಷ ಪ್ರಯೋಜನ ಜಾಸ್ತಿ. ಝೀಟಾಗೆ ಇದನ್ನು ಸೇರಿಸುವುದರಲ್ಲಿ ಅರ್ಥ ಇದೆ. ಡೆಲ್ಟಾಗೆ ನಾನಾದರೆ ಬಿಡುತ್ತೇನೆ. ಪ್ರೀಮಿಯಂ ಎಷ್ಟು ಅಂತ ಕೇಳಿ, ಒಂದು ಟೈರ್ ಬೆಲೆಯ ಪಕ್ಕದಲ್ಲಿಟ್ಟು ನೋಡಿದರೆ ನಿಮಗೇ ತಿಳಿಯುತ್ತದೆ.

ಎಲ್ಲ ದೊಡ್ಡ ರಿಮ್ಮೂ ಒಂದೇ ಅಲ್ಲ

ಇಷ್ಟು ಓದಿ ‘ಹಾಗಾದರೆ ದೊಡ್ಡ ವೀಲ್ ಇರುವ ವೇರಿಯಂಟ್ ಬೇಡವೇ ಬೇಡ’ ಅಂದುಕೊಂಡರೆ ತಪ್ಪು. ಕ್ರೆಟಾ ನೋಡಿ. ಕೆಳಗಿನ ವೇರಿಯಂಟ್‌ಗಳಿಗೆ 205/65 ಆರ್16, ಮೇಲಿನವಕ್ಕೆ 215/60 ಆರ್17. ಗುಣಿಸಿದರೆ ಸೈಡ್‌ವಾಲ್ ಒಂದರಲ್ಲಿ 133, ಇನ್ನೊಂದರಲ್ಲಿ 129. ಬರೀ 4 ಮಿಲಿಮೀಟರ್ ಕಡಿಮೆ. ಯಾಕೆ ಅಂದರೆ ಅಲ್ಲಿ ರಿಮ್ ಜೊತೆ ಇಡೀ ಚಕ್ರವನ್ನೂ ಸ್ವಲ್ಪ ದೊಡ್ಡದು ಮಾಡಿದ್ದಾರೆ, 673ರಿಂದ 690 ಮಿಲಿಮೀಟರ್‌ಗೆ. ಅಂದರೆ ಕ್ರೆಟಾದಲ್ಲಿ ಮೇಲಿನ ವೇರಿಯಂಟ್‌ಗೆ ಹೋದರೆ ಟೈರ್ ಬೆಲೆ ಏರುತ್ತದೆ, ಆದರೆ ಏಟು ತಿನ್ನುವ ಭಯ ಅಷ್ಟೇನೂ ಏರುವುದಿಲ್ಲ. ಸವೆತದ ಲೆಕ್ಕ ಹಾಕಿದರೆ ಸಾಕು.

ಮೊದಲ ತಲೆಮಾರಿನ ಸೆಲ್ಟೋಸ್‌ನ ತುದಿಯ ವೇರಿಯಂಟ್‌ನಲ್ಲಿ 215/55 ಆರ್18 ಬಂದಿತ್ತು. ಅಲ್ಲಿ ಸೈಡ್‌ವಾಲ್ 118ಕ್ಕೆ ಇಳಿಯುತ್ತದೆ. ಕಾರು ಭಾರ, ಟೈರ್ ದುಬಾರಿ, ಮೆತ್ತೆ ಕಡಿಮೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಿ.

ಇನ್ನು ಸ್ವಿಫ್ಟ್. ಎಲ್‌ಎಕ್ಸ್‌ಐ, ವಿಎಕ್ಸ್‌ಐಗೆ 165/80 ಆರ್14, ಝಡ್‌ಎಕ್ಸ್‌ಐಗೆ 185/65 ಆರ್15. ಸೈಡ್‌ವಾಲ್ 132ರಿಂದ 120ಕ್ಕೆ ಬರುತ್ತದೆ. ಇಳಿತ ಬಲೆನೊದಷ್ಟೇ, ಆದರೆ ಇಳಿದು ನಿಂತ ಜಾಗ 120, ಅದು ಬಲೆನೊ ಡೆಲ್ಟಾದ ಟೈರೇ. ಅದರ ಮೇಲೆ 165 ಅಗಲದ ಟೈರ್ ಸ್ವಿಫ್ಟ್‌ನಂಥ ಚುರುಕು ಕಾರಿಗೆ ಸ್ವಲ್ಪ ಸಪೂರ ಅನ್ನಿಸುತ್ತದೆ. ಸ್ವಿಫ್ಟ್‌ನಲ್ಲಿ ನನ್ನ ಓಟು ಮೇಲಿನ ಟೈರ್‌ಗೇ.

ಹಾಗಾಗಿ ಹೋಲಿಸುವಾಗ ರಿಮ್ ಇಂಚು ನೋಡಿ ನಿರ್ಧಾರ ಮಾಡಬೇಡಿ, ಗುಣಿಸಿ ಬಂದ ಮಿಲಿಮೀಟರ್ ನೋಡಿ. ಬೆಂಗಳೂರಿನ ಹ್ಯಾಚ್‌ಬ್ಯಾಕ್‌ಗೆ 120 ಆರಾಮ. 110ಕ್ಕಿಂತ ಕೆಳಗೆ ಇಳಿದರೆ ಕಣ್ಣು ರಸ್ತೆಯ ಮೇಲೇ ಇಟ್ಟು ಓಡಿಸಬೇಕು. ಇದು ನಿಯಮ ಅಲ್ಲ, ನನ್ನ ಅಭಿಪ್ರಾಯ.

ಕೊಳ್ಳುವ ಮುಂಚೆ

ಟೆಸ್ಟ್ ಡ್ರೈವ್‌ಗೆ ಕೊಡುವ ಕಾರು ಸಾಮಾನ್ಯವಾಗಿ ಮೇಲಿನ ವೇರಿಯಂಟ್. ಹಾಗಾಗಿ ನೀವು ಓಡಿಸಿ ನೋಡುವುದು ದೊಡ್ಡ ರಿಮ್ ಕಾರನ್ನು, ಕೊಳ್ಳುವುದು ಸಣ್ಣ ರಿಮ್ಮಿನದನ್ನು ಇರಬಹುದು. ಎರಡರ ನಡತೆಯೂ ಬೇರೆ. ತೆಳು ಸೈಡ್‌ವಾಲ್ ಇದ್ದರೆ ಸ್ಟೇರಿಂಗ್ ತಿರುಗಿಸಿದ ಕೂಡಲೇ ಕಾರು ತಿರುಗುತ್ತದೆ, ಮೈಸೂರು ಹೆದ್ದಾರಿಯಲ್ಲಿ 100ರಲ್ಲಿ ಹೋಗುವಾಗ ನೆಲಕ್ಕೆ ಅಂಟಿಕೊಂಡಂತೆ ಇರುತ್ತದೆ. ಇದು ಮೇಲಿನ ವೇರಿಯಂಟ್‌ನ ನಿಜವಾದ ಲಾಭ, ಸುಮ್ನೆ ಅಂದ ಅಲ್ಲ. ಅದೇ ಕಾರು 30ರ ವೇಗದಲ್ಲಿ ಕಿತ್ತ ಡಾಂಬರಿನ ಮೇಲೆ ಹೋದರೆ ಪ್ರತಿ ಜಲ್ಲಿಯೂ ಸೀಟಿಗೆ ತಿಳಿಯುತ್ತದೆ. ನೀವು ಹೆಚ್ಚು ಇರುವುದು ಯಾವ ವೇಗದಲ್ಲಿ ಅಂತ ನಿಮಗೇ ಗೊತ್ತು. ಆಗುವುದಾದರೆ ಪರಿಚಯದವರ ಕೆಳಗಿನ ವೇರಿಯಂಟ್ ಕಾರನ್ನೂ ಅದೇ ರಸ್ತೆಯಲ್ಲಿ ಒಮ್ಮೆ ಓಡಿಸಿ.

ಬುಕಿಂಗ್‌ಗೆ ಮುಂಚೆ ಎರಡು ಮೂರು ಟೈರ್ ಅಂಗಡಿಗೆ ಫೋನ್ ಮಾಡಿ. ಜೆ.ಸಿ. ರಸ್ತೆ ಕಡೆಯದೂ ಒಂದಿರಲಿ, ನಿಮ್ಮ ಏರಿಯಾದ್ದೂ ಒಂದಿರಲಿ. ಬೆಲೆಗಿಂತ ಮೊದಲು ಕೇಳಬೇಕಾದದ್ದು, ‘ಈ ಸೈಜ್ ಈಗ ನಿಮ್ಮ ಹತ್ತಿರ ಯಾವ ಯಾವ ಕಂಪನಿದು ಇದೆ?’ ಅಂತ. ನಾಲ್ಕೈದು ಹೆಸರು ಹೇಳಿದರೆ ಆ ಸೈಜ್ ಚೆನ್ನಾಗಿ ಓಡುತ್ತಿದೆ ಅಂತ ಅರ್ಥ. ‘ಎರಡು ದಿನ ಬಿಟ್ಟು ತರಿಸಿಕೊಡ್ತೀವಿ’ ಅಂದರೆ ಮಳೆಗಾಲದಲ್ಲಿ ಬಬಲ್ ಬಂದ ದಿನ ನೀವು ಸ್ಟೆಪ್ನಿಯಲ್ಲೇ ಓಡಾಡಬೇಕು ಅಂತ. 195/55 ಆರ್16ನ್ನು ಐ20ಯ ಮೇಲಿನ ವೇರಿಯಂಟ್‌ಗಳೂ, ಗ್ಲಾಂಝಾದ ಮೇಲಿನವೂ ಬಳಸುತ್ತವೆ, ಹಾಗಾಗಿ ಬೆಂಗಳೂರಿನಲ್ಲಿ ಸಿಗದ ಮಾತಿಲ್ಲ. ಊರಿಗೆ ಹೋದಾಗ ಸಣ್ಣ ಪಟ್ಟಣದಲ್ಲಿ ಕೇಳಿದರೆ ಉತ್ತರ ಬೇರೆ ಇರಬಹುದು.

ಸ್ಟಾಕ್ ಇದೆ ಅಂದ ಮೇಲೆ ತಯಾರಾದ ದಿನ ಕೇಳಿ. ಸೈಡ್‌ವಾಲ್ ಮೇಲೆ ನಾಲ್ಕು ಅಂಕಿ ಇರುತ್ತದೆ. 3225 ಅಂದರೆ 2025ರ 32ನೇ ವಾರ. ಕಡಿಮೆ ಓಡುವ ಸೈಜ್ ಆದರೆ ಹಳೇ ಮಾಲು ಕೂತಿರುವ ಸಾಧ್ಯತೆ ಹೆಚ್ಚು.

ಮೇಲಿನ ವೇರಿಯಂಟ್‌ನ ಫೀಚರ್‌ಗಳು ನಿಜಕ್ಕೂ ಬೇಕು, ಟೈರ್ ಮಾತ್ರ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಬಲೆನೊದಂಥ ಕಾರಿನಲ್ಲಿ ಎರಡೂ ಟೈರ್‌ನ ಹೊರಗಿನ ಎತ್ತರ ಒಂದೇ ಆದ್ದರಿಂದ, ಕೆಳಗಿನ ವೇರಿಯಂಟ್‌ನ 15 ಇಂಚಿನ ರಿಮ್ ಮತ್ತು ಟೈರ್ ಹಾಕಿಸಿದರೂ ಸ್ಪೀಡೋಮೀಟರ್ ತಪ್ಪು ತೋರಿಸುವುದಿಲ್ಲ. ಹೊಸ ಕಾರು ತಂದ ವಾರದಲ್ಲೇ ದೊಡ್ಡ ಅಲಾಯ್ ಹಾಕಿಸುವವರು ಕಂಪನಿ ರಿಮ್‌ಗಳನ್ನು ಕಡಿಮೆ ಬೆಲೆಗೆ ಬಿಟ್ಟುಹೋಗಿರುತ್ತಾರೆ, ಟೈರ್ ಅಂಗಡಿಯಲ್ಲಿ ವಿಚಾರಿಸಿ. ಆದರೆ ಮುಂದಿನ ಬ್ರೇಕ್‌ಗೆ 15 ಇಂಚಿನ ರಿಮ್ ತಾಗದೆ ಕೂರುತ್ತದಾ, ಕಾರಿನ ಕೈಪಿಡಿಯಲ್ಲಿ ಅಥವಾ ಡ್ರೈವರ್ ಬಾಗಿಲ ಪಕ್ಕದ ಸ್ಟಿಕರ್‌ನಲ್ಲಿ ಆ ಸೈಜ್ ಇದೆಯಾ ಅಂತ ಸರ್ವಿಸ್ ಸೆಂಟರ್‌ನಲ್ಲಿ ಕೇಳಿಕೊಂಡೇ ಮುಂದುವರಿಯಿರಿ. ಇನ್ಶೂರೆನ್ಸ್ ಕಂಪನಿಗೂ ತಿಳಿಸಿ. ಕ್ರೆಟಾದಲ್ಲಿ ಇದನ್ನು ಮಾಡಿದರೆ ಸ್ಪೀಡೋಮೀಟರ್ 100 ತೋರಿಸುವಾಗ ನಿಜವಾದ ವೇಗ ಸುಮಾರು ಎರಡೂವರೆ ಕಿಲೋಮೀಟರ್ ಕಡಿಮೆ ಆಗುತ್ತದೆ. ಓಡೋಮೀಟರ್ ಕೂಡ ಅಷ್ಟೇ ಜಾಸ್ತಿ ಓಡುತ್ತದೆ.

ಇದರ ಉಲ್ಟಾ, ಕೆಳಗಿನ ವೇರಿಯಂಟ್ ಕೊಂಡು ಹೊರಗಡೆ ಅಲಾಯ್ ಹಾಕಿಸುವುದು, ನನಗೆ ಅರ್ಥವಾಗದ ಶೋಕಿ. ಕಂಪನಿ ಉಳಿಸಿಕೊಟ್ಟ ಮೆತ್ತೆಯನ್ನು ದುಡ್ಡು ಕೊಟ್ಟು ತೆಗೆಸಿದ ಹಾಗೆ.

ಅಕ್ಕನ ಮಗಳು ಕೊನೆಗೆ ಝೀಟಾನೇ ತೆಗೆದುಕೊಂಡಳು. ಕ್ಯಾಮೆರಾ ಬೇಕೇ ಬೇಕು, ಅವರ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ಕಂಬಗಳು ಹಾಗಿವೆ ಅಂದಳು. ಟೈರ್ ಪ್ರೊಟೆಕ್ಟ್ ಸೇರಿಸಿಕೊಂಡರು. ಗಾಳಿ ಎರಡು ವಾರಕ್ಕೊಮ್ಮೆ ಚೆಕ್ ಮಾಡುವ ಕೆಲಸ ಅವಳ ಗಂಡನದು. ತೆಳು ಸೈಡ್‌ವಾಲ್‌ಗೆ ಗಾಳಿ ನಾಲ್ಕೈದು ಪಿಎಸ್ಐ ಇಳಿದರೂ ಟೈರ್ ಇನ್ನಷ್ಟು ಕುಸಿದು, ಇರುವ 70 ಮಿಲಿಮೀಟರ್ ಮೆತ್ತೆಯಲ್ಲೂ ಪಾಲು ಹೋಗುತ್ತದೆ. ಅಳತೆ ನೋಡುವುದು ಬೆಳಿಗ್ಗೆ, ಕಾರು ಓಡಿಸುವ ಮುಂಚೆ. ಓಡಿ ಬಿಸಿಯಾದ ಟೈರ್‌ನಲ್ಲಿ ಗಾಳಿ ಜಾಸ್ತಿ ತೋರಿಸುತ್ತದೆ.

ಡೆಲಿವರಿ ದಿನ ನಾನೂ ಹೋಗಿದ್ದೆ. ಡಿಕ್ಕಿ ತೆರೆಸಿ ಕಾರ್ಪೆಟ್ ಎತ್ತಿಸಿ ಸ್ಟೆಪ್ನಿ ನೋಡಿದೆವು. ಅಲಾಯ್ ಬರುವ ಎಷ್ಟೋ ಕಾರುಗಳಲ್ಲಿ ಸ್ಟೆಪ್ನಿ ಮಾತ್ರ ಸಣ್ಣ ಸೈಜಿನ ಸ್ಟೀಲ್ ರಿಮ್ ಇರುತ್ತದೆ. ಅದಕ್ಕೆ ಹಚ್ಚಿದ ಸ್ಟಿಕರ್‌ನಲ್ಲಿ 80 ಕಿಲೋಮೀಟರ್ ವೇಗ ಮಿತಿ ಅಂತ ಇದ್ದರೆ ಅದು ಮನೆ ಮುಟ್ಟಿಸಲು ಮಾತ್ರ, ವಾರಗಟ್ಟಲೆ ಓಡಿಸಲಿಕ್ಕಲ್ಲ. ಐದು ಟೈರನ್ನೂ ಸರದಿ ಬದಲಿಸಿ ಸವೆಸುವ ಹಳೇ ಲೆಕ್ಕವೂ ಇಂಥ ಕಾರಿಗೆ ನಡೆಯುವುದಿಲ್ಲ. 2020ರ ನಿಯಮದ ಪ್ರಕಾರ ಟ್ಯೂಬ್‌ಲೆಸ್ ಟೈರ್, ಗಾಳಿ ಒತ್ತಡ ತೋರಿಸುವ ಟಿಪಿಎಂಎಸ್ ಮತ್ತು ಪಂಚರ್ ಕಿಟ್ ಇದ್ದರೆ ಸ್ಟೆಪ್ನಿ ಕೊಡದೇ ಇರಲೂಬಹುದು. ಕಿಟ್‌ನಲ್ಲಿರುವ ಅಂಟು ಮೊಳೆ ತೂತಿಗೆ ಸರಿ, ಸೈಡ್‌ವಾಲ್ ಹರಿದರೆ ಕೆಲಸಕ್ಕೆ ಬಾರದು. ತೆಳು ಟೈರ್ ಇದ್ದು ಸ್ಟೆಪ್ನಿಯೂ ಇಲ್ಲದ ವೇರಿಯಂಟ್ ಆದರೆ, ಟೋಯಿಂಗ್ ಸೇರಿದ ರೋಡ್ ಸೈಡ್ ಅಸಿಸ್ಟೆನ್ಸ್ ಎಷ್ಟು ವರ್ಷಕ್ಕೆ ಇದೆ ಅಂತ ಬುಕಿಂಗ್ ದಿನವೇ ಕೇಳಿ ಬರೆಸಿಕೊಳ್ಳಿ.